ಕೋಲಾರದ ಕೆರೆ ಅರಬ್ಬೀ ಸಮುದ್ರಕ್ಕೆ ಬಿದ್ದ ಕಥೆ

ವರ್ಗವಾಗಿ ಹೋಗುವ ಗುಮಾಸ್ತರು ಚಾರ್ಜ್ ಕೊಡುವಾಗ ಬೀರುವಿನ ಬೀಗದ ಕೈಯಿಂದ ಹಿಡಿದು ರಿಜಿಸ್ಟರುಗಳವರೆಗೆ ಎಲ್ಲವನ್ನೂ ಪಟ್ಟಿ ಮಾಡಿ, ಬಂದವರ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಸಾಫ್ಟ್‌ವೇರ್ ಕಚೇರಿಗಳಲ್ಲಿ ಇದೇ ಕೆಲಸಕ್ಕೆ ‘ಕೆಟಿ ಕೊಡೋದು’ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವವರು, ಅಂದರೆ ಜಿಐಎಸ್ ಕೆಲಸದವರು, ಬಿಟ್ಟುಹೋಗುವಾಗ ಬರೆದಿಡುವ ಟಿಪ್ಪಣಿಯೂ ಸಾಮಾನ್ಯವಾಗಿ ಒಂದು ಪಟ್ಟಿಯೇ ಆಗಿರುತ್ತದೆ: ಈ ಫೋಲ್ಡರಿನಲ್ಲಿ ಇದಿದೆ, ಆ ಫೋಲ್ಡರಿನಲ್ಲಿ ಅದಿದೆ. ಅಷ್ಟನ್ನು ಫೋಲ್ಡರ್ ತೆರೆದು ನೋಡಿದರೆ ಯಾರಾದರೂ ತಿಳಿದಾರು. ತೆರೆದು ನೋಡಿದರೂ ತಿಳಿಯದ್ದನ್ನು ಬರೆದಿಟ್ಟ ಟಿಪ್ಪಣಿಗಳು ಅಪರೂಪ. ಅಂಥದೊಂದು ನನ್ನ ಕೈಗೆ ಸಿಕ್ಕಿತ್ತು.

ಅದನ್ನು ಬರೆದವರು ಕೋಲಾರ ಜಿಲ್ಲೆಯ ಕೆರೆಗಳ ಮೇಲೆ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿದ್ದ ಹೆಣ್ಣುಮಗಳು. ಕೆರೆಯ ಅಂಗಳ ಎಲ್ಲಿಂದ ಎಲ್ಲಿಯವರೆಗಿದೆ, ಯಾವ ತಿಂಗಳು ಎಷ್ಟು ನೀರಿತ್ತು, ಕಂದಾಯ ದಾಖಲೆಯಲ್ಲಿ ಬರೆದ ವಿಸ್ತೀರ್ಣಕ್ಕೂ ನೆಲದ ಮೇಲಿರುವುದಕ್ಕೂ ತಾಳೆಯಾಗುತ್ತದೆಯೇ ಎಂದು ಹಳೆಯ ನಕ್ಷೆ, ಪಹಣಿ, ಉಪಗ್ರಹ ಚಿತ್ರ ಮೂರನ್ನೂ ಜೋಡಿಸಿ ಹೇಳುವುದು ಅವರ ಕೆಲಸ. ಬೇರೆ ಕಡೆ ಕೆಲಸ ಸಿಕ್ಕಿತು, ಹೊರಟರು. ಅವರ ಜಾಗಕ್ಕೆ ಮುಳಬಾಗಿಲಿನ ಕಡೆಯ ಒಬ್ಬ ಹುಡುಗ ಬಂದ. ಟಿಪ್ಪಣಿ ಅವನಿಗಾಗಿ ಬರೆದದ್ದು.

ಮೊದಲ ಪುಟದಲ್ಲಿ ಫೋಲ್ಡರುಗಳ ವಿಷಯ. `01_raw` ಒಳಗೆ ಹೊರಗಿನಿಂದ ಬಂದ ಮೂಲ ಕಡತಗಳು. ಅದನ್ನು ಓದಬಹುದು, ಮುಟ್ಟುವಂತಿಲ್ಲ. `02_work` ಒಳಗೆ ನಡುವಿನ ಕೆಲಸ. ಅಷ್ಟನ್ನೂ ಅಳಿಸಿದರೂ ಮೂಲದಿಂದ ಮತ್ತೆ ಹುಟ್ಟಿಸಬಹುದು. `03_out` ಒಳಗಿರುವುದು ಕಚೇರಿಯ ಹೊರಗೆ ಹೋಗಿರುವ ನಕ್ಷೆಗಳು. ಇಷ್ಟು ಶಿಸ್ತು ಅನೇಕರಲ್ಲಿ ಇರುತ್ತದೆ. ಕೆಳಗಿನ ಸಾಲು ಮಾತ್ರ ಬೇರೆಯವರು ಬರೆಯುವಂಥದ್ದಲ್ಲ: “`kere_final.shp`, `kere_final2.shp`, `kere_final_USE_THIS.shp` ಮೂರೂ ಇವೆ. ಹೆಸರು ನೋಡಿ ಮೂರನೆಯದನ್ನು ತೆಗೆದುಕೊಳ್ಳಬೇಡಿ. ಎರಡನೆಯದೇ ಸರಿ. ಮೂರನೆಯದು ಒಂದು ಸಭೆಗೆಂದು ಸಣ್ಣ ಕುಂಟೆಗಳನ್ನೆಲ್ಲ ತೆಗೆದುಹಾಕಿ ಅವಸರದಲ್ಲಿ ಮಾಡಿದ್ದು. ಅಳಿಸದೇ ಬಿಟ್ಟಿದ್ದೇಕೆಂದರೆ ಆ ಸಭೆಯ ವರದಿಯಲ್ಲಿರುವ ಲೆಕ್ಕ ಬೇಕೆಂದರೆ ಅದರಿಂದಲೇ ಬರುವುದು.”

`.shp` ಎಂದು ಕೊನೆಯಾಗುವ ಈ ಶೇಪ್‌ಫೈಲ್ ಎಂಬುದು 1990ರ ದಶಕದ ಪದ್ಧತಿ. ಇವತ್ತಿಗೂ ನಮ್ಮ ಕಚೇರಿಗಳಲ್ಲಿ ನಕ್ಷೆ ಕೊಟ್ಟು ತೆಗೆದುಕೊಳ್ಳುವುದು ಹೆಚ್ಚಾಗಿ ಇದರಲ್ಲೇ. ಹೆಸರಿಗೆ ಒಂದು ಕಡತ, ಅಸಲಿಗೆ ಕಡತಗಳ ಗುಂಪು. ಗೆರೆಗಳು `.shp`ನಲ್ಲಿ, ಕೋಷ್ಟಕ `.dbf`ನಲ್ಲಿ, ನಕ್ಷೆ ಯಾವ ಅಳತೆಯ ಪದ್ಧತಿಯಲ್ಲಿದೆ ಎಂಬ ಮಾಹಿತಿ `.prj`ನಲ್ಲಿ. ಇಮೇಲ್‌ನಲ್ಲಿ `.shp` ಒಂದನ್ನೇ ಕಳಿಸಿ “ಕಳಿಸಿದ್ದೀನಿ ನೋಡಿ” ಎನ್ನುವವರು ಈಗಲೂ ಇದ್ದಾರೆ. ಇದರ ಇನ್ನೊಂದು ಕಾಟ, ಕೋಷ್ಟಕದ ಕಾಲಂ ಹೆಸರು ಹತ್ತು ಅಕ್ಷರಕ್ಕಿಂತ ಉದ್ದ ಇರುವಂತಿಲ್ಲ. ಉದ್ದ ಇಟ್ಟರೆ ತಂತ್ರಾಂಶವೇ ಕತ್ತರಿಸಿಬಿಡುತ್ತದೆ. ಆಕೆ ಎರಡು ಕಾಲಂಗಳಿಗೆ `water_spread_2019`, `water_spread_2022` ಎಂದು ಹೆಸರಿಟ್ಟಿದ್ದರು. ಉಳಿಸಿ ಮತ್ತೆ ತೆರೆದಾಗ ಒಂದು `water_spre`, ಇನ್ನೊಂದು `water_sp_1` ಆಗಿತ್ತು. ಇಸವಿಗಳೇ ಮಾಯ! ಕಡತ ಹಾಳಾಗಿಲ್ಲ, ಅಂಕಿ ಒಂದೂ ಕಳೆದಿಲ್ಲ. ಆದರೆ ಯಾವುದು ಯಾವ ವರ್ಷದ್ದು ಎಂದು ಆ ಕಡತವನ್ನು ಎಷ್ಟು ತಿರುವಿಹಾಕಿದರೂ ತಿಳಿಯದು. ಟಿಪ್ಪಣಿಯಲ್ಲಿ ಅದಕ್ಕೊಂದು ಸಾಲು: ಮೊದಲನೆಯದು 2019, ಎರಡನೆಯದು 2022. ಹೊಸ ಕೆಲಸವನ್ನೆಲ್ಲ ಈ ಕಾಟವಿಲ್ಲದ ಜಿಯೋಪ್ಯಾಕೇಜಿನಲ್ಲಿ, ಅಂದರೆ `.gpkg` ಕಡತದಲ್ಲಿ ಉಳಿಸಿ ಎಂದೂ ಸೇರಿಸಿದ್ದಾರೆ.

ಎರಡನೆಯ ಪುಟಕ್ಕೆ ಬಂದರೆ ಪ್ರೊಜೆಕ್ಷನ್. ಟಿಪ್ಪಣಿಯ ಜೀವ ಇರುವುದು ಇಲ್ಲಿ. ಕೋಲಾರದವರಿಗೆ ಇದು ಹೆಚ್ಚಿನ ಜಿಲ್ಲೆಯವರಿಗಿಲ್ಲದ ತಲೆನೋವು.

ಭೂಮಿ ಗುಂಡಗಿದೆ, ಕಾಗದ ಚಪ್ಪಟೆ. ಅಕ್ಷಾಂಶ ರೇಖಾಂಶಗಳು ಡಿಗ್ರಿಯಲ್ಲಿರುತ್ತವೆ. ಡಿಗ್ರಿಯಲ್ಲಿ ಕೆರೆಯ ವಿಸ್ತೀರ್ಣ ಅಳೆಯಲಾಗುವುದಿಲ್ಲ, ಅದಕ್ಕೆ ಮೀಟರ್ ಬೇಕು. ಹಾಗಾಗಿ ಭೂಮಿಯನ್ನು ಉದ್ದುದ್ದ ಆರಾರು ಡಿಗ್ರಿಯ ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಯನ್ನೂ ಬೇರೆ ಬೇರೆಯಾಗಿ ಚಪ್ಪಟೆ ಮಾಡುವ ಪದ್ಧತಿಯಿದೆ, ಹೆಸರು ಯುಟಿಎಂ. 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ 43ನೆಯ ವಲಯ, 78ರಿಂದ 84ರವರೆಗೆ 44ನೆಯದು. ಕಾರವಾರ, ಧಾರವಾಡ, ಮೈಸೂರು, ಬೆಂಗಳೂರು ಎಲ್ಲ 43ರಲ್ಲಿ ನೆಮ್ಮದಿಯಾಗಿವೆ. ಆದರೆ 78ರ ಗೆರೆ ಕೋಲಾರ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. ಮಾಲೂರು ಪಟ್ಟಣ ಗೆರೆಯ ಪಶ್ಚಿಮಕ್ಕೆ. ಕೋಲಾರ, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರ ಪೂರ್ವಕ್ಕೆ. ಒಂದೇ ಜಿಲ್ಲೆ, ಎರಡು ವಲಯ.

ಪ್ರತಿ ವಲಯದಲ್ಲೂ ನಡುವಿನ ರೇಖೆಗೆ ಐದು ಲಕ್ಷ ಮೀಟರ್ ಎಂದು ಬೆಲೆ ಕೊಟ್ಟು ಅಲ್ಲಿಂದ ಪೂರ್ವ ಪಶ್ಚಿಮಗಳನ್ನು ಎಣಿಸುತ್ತಾರೆ. 43ರ ನಡುರೇಖೆ 75 ಡಿಗ್ರಿ, 44ರದ್ದು 81. ಹಾಗಾಗಿ ಕೋಲಾರ ಪಟ್ಟಣದ ಪೂರ್ವಾಂಕ 43ರ ಲೆಕ್ಕದಲ್ಲಿ ಸುಮಾರು 8,39,000 ಮೀಟರ್, 44ರ ಲೆಕ್ಕದಲ್ಲಿ ಸುಮಾರು 1,89,000 ಮೀಟರ್. ಜಾಗ ಅದೇ, ಅಂಕಿ ಬೇರೆ. 44ರ ಅಂಕಿಯಿರುವ ಕಡತಕ್ಕೆ ಯಾರಾದರೂ 43 ಎಂದು ಚೀಟಿ ಅಂಟಿಸಿದರೆ ಏನಾಗುತ್ತದೆ ನೋಡಿ. 43ರಲ್ಲಿ 1,89,000 ಎಂದರೆ ಎಪ್ಪತ್ತೆರಡು ಡಿಗ್ರಿ ಚಿಲ್ಲರೆ ರೇಖಾಂಶ. ಕೋಲಾರದ ಕೆರೆ ಮಂಗಳೂರಿನಿಂದ ಮುನ್ನೂರು ಕಿಲೋಮೀಟರ್ ಪಶ್ಚಿಮಕ್ಕೆ, ಲಕ್ಷದ್ವೀಪಕ್ಕೂ ಉತ್ತರದಲ್ಲಿ, ಅರಬ್ಬೀ ಸಮುದ್ರದ ನಡುವೆ ಬೀಳುತ್ತದೆ.

ಬಿದ್ದೂ ಇತ್ತು. ಹೊಸ ಹುಡುಗ ಮೊದಲ ವಾರವೇ ಒಂದು ಕಡತ ತೆರೆದು, “ಮೇಡಂ, ನಮ್ಮ ಕೆರೆ ಸಮುದ್ರದಾಗೆ ಬಿದ್ದದೆ” ಎಂದನಂತೆ. “ಬೀಳ್ಲಿ ಬಿಡಿ, ಸಮುದ್ರದಲ್ಲಿ ಬಿದ್ದದ್ದು ಕಣ್ಣಿಗಾದ್ರೂ ಕಾಣುತ್ತೆ” ಎಂದರಂತೆ ಆಕೆ.

ಸರಿಪಡಿಸುವಾಗ ಹೊಸಬರು ಎಡವುವ ಜಾಗವೊಂದಿದೆ. ತಂತ್ರಾಂಶದಲ್ಲಿ ಎರಡು ಸೌಲಭ್ಯಗಳಿವೆ. ಒಂದು, ಕಡತದಲ್ಲಿರುವ ಅಂಕಿಗಳನ್ನು ಹಾಗೇ ಬಿಟ್ಟು, ಇವು ಇಂಥ ಪದ್ಧತಿಯವು ಎಂದು ಹೇಳುವುದು. ಇನ್ನೊಂದು, ಒಂದು ಪದ್ಧತಿಯ ಅಂಕಿಗಳನ್ನು ಲೆಕ್ಕ ಹಾಕಿ ಇನ್ನೊಂದಕ್ಕೆ ಬದಲಿಸುವುದು. ಮೊದಲನೆಯದು ಉಪ್ಪಿನಕಾಯಿ ಭರಣಿಯ ಮೇಲಿನ ಚೀಟಿ ಬದಲಿಸಿದ ಹಾಗೆ. ನಿಂಬೆ ಎಂದು ಬರೆದ ಮಾತ್ರಕ್ಕೆ ಒಳಗಿನ ಮಾವು ನಿಂಬೆಯಾಗದು. ಚೀಟಿ ತಪ್ಪಿದ್ದರೆ ಮೊದಲು ಚೀಟಿಯನ್ನೇ ಸರಿಮಾಡಬೇಕು, ಆಮೇಲೆ ಬೇಕಾದ ಪದ್ಧತಿಗೆ ಅಂಕಿಗಳನ್ನು ಬದಲಿಸಬೇಕು. ಈ ಕ್ರಮ ಹಿಂದುಮುಂದಾದರೆ ಸಮುದ್ರದಲ್ಲಿದ್ದ ಕೆರೆ ಸಮುದ್ರದಲ್ಲೇ ಇರುತ್ತದೆ, ಅಂಕಿಗಳು ಮಾತ್ರ ಹೊಸವಾಗುತ್ತವೆ. ಟಿಪ್ಪಣಿಯಲ್ಲಿ ಎರಡೂ ಹೆಜ್ಜೆ ಒಂದೇ ಆದೇಶದಲ್ಲಿದೆ:

```
ogr2ogr -s_srs EPSG:32644 -t_srs EPSG:32643 kere_43.gpkg kere_44.shp
```

`-s_srs` ಎಂದರೆ ಈಗಿರುವ ಅಂಕಿಗಳು ನಿಜವಾಗಿ ಯಾವ ಪದ್ಧತಿಯವು ಎಂಬುದು, `-t_srs` ಎಂದರೆ ಯಾವುದಕ್ಕೆ ಬದಲಿಸಬೇಕು ಎಂಬುದು. 32643, 32644 ಎಂಬವು ಈಗ ಜಗತ್ತೆಲ್ಲ ಬಳಸುವ ಡಬ್ಲ್ಯುಜಿಎಸ್ 84 ಎಂಬ ಭೂಮಿಯ ಮಾದರಿಯ ಮೇಲೆ ಕಟ್ಟಿದ ಆ ಎರಡು ವಲಯಗಳ ಸಂಕೇತಗಳು.

ಇಡೀ ಜಿಲ್ಲೆಯನ್ನು 43ಕ್ಕೇ ತರುವುದೆಂದು ಆಕೆ ತೀರ್ಮಾನಿಸಿದ್ದರು. ಪಾಠಪುಸ್ತಕದ ಪ್ರಕಾರ ಇದು ತಪ್ಪು, ಜಿಲ್ಲೆಯ ಬಹುಭಾಗ 44ರಲ್ಲಿದೆ. ಹಾಗಾದರೆ ಏಕೆ? ಸಂಸ್ಥೆಯ ಉಳಿದ ಜಿಲ್ಲೆಗಳೆಲ್ಲ 43ರಲ್ಲಿವೆ, ಎರಡು ವಲಯ ಇಟ್ಟುಕೊಂಡರೆ ಮೇಲೆ ಹೇಳಿದಂಥ ಗೊಂದಲ ದಿನವೂ ತಪ್ಪದು. ಇದರಿಂದ ಆಗುವ ನಷ್ಟವನ್ನೂ ಲೆಕ್ಕ ಹಾಕಿ ಬರೆದಿದ್ದಾರೆ. ನಡುರೇಖೆಯಿಂದ ದೂರ ಹೋದಷ್ಟೂ ಅಳತೆ ಹಿಗ್ಗುತ್ತದೆ. ಮುಳಬಾಗಿಲಿನ ಹತ್ತಿರ 43ರಲ್ಲಿ ಅಳೆದ ವಿಸ್ತೀರ್ಣ ನಿಜಕ್ಕಿಂತ ಸುಮಾರು ಕಾಲು ಶೇಕಡಾ ಹೆಚ್ಚು ತೋರಿಸುತ್ತದೆ. ನೂರು ಎಕರೆಯ ಕೆರೆಗೆ ಹತ್ತು ಗುಂಟೆ. ತಿಂಗಳ ನೀರಿನ ಹರವು ನೋಡುವುದಕ್ಕೆ ಅದು ಏನೂ ಅಲ್ಲ. “ಆದರೆ ಒತ್ತುವರಿಯ ಪ್ರಕರಣಕ್ಕೆ ಈ ಅಂಕಿಯನ್ನು ಕೊಡಬೇಡಿ. ಅಲ್ಲಿ ಹತ್ತು ಗುಂಟೆ ಎಂದರೆ ಒಬ್ಬರ ಮನೆ.” ಇಂಥ ಮಾತನ್ನು ಹೇಳದೇ ಹೋಗಿದ್ದರೆ ಮುಂದೆ ಬರುವ ಬುದ್ಧಿವಂತರೊಬ್ಬರು, ಇದು ತಪ್ಪು ವಲಯ ಎಂದು ಅರ್ಧ ಕಡತಗಳನ್ನು 44ಕ್ಕೆ ಬದಲಿಸಿ ಕೂರುತ್ತಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಕಣ್ಣಿಗೆ ಕಾಣದ ತಪ್ಪೆಂದರೆ ಹಳೆಯ ಟೋಪೋಶೀಟಿನದು. ಸರ್ವೆ ಆಫ್ ಇಂಡಿಯಾದ ಹಳೆಯ 1:50,000 ನಕ್ಷೆಗಳು, ಕೋಲಾರ ಪಟ್ಟಣಕ್ಕಾದರೆ 57 ಕೆ/4 ಸಂಖ್ಯೆಯ ಹಾಳೆ, ಎವರೆಸ್ಟ್ ಎಂಬ ಹೆಸರಿನ ಭೂಮಿಯ ಮಾದರಿಯ ಮೇಲೆ ರಚಿತವಾದವು. ಮಾದರಿ ಬೇರೆಯಾದ್ದರಿಂದ ಆ ಹಾಳೆಯ ಅಂಚಿನಲ್ಲಿ ಬರೆದ ಅಕ್ಷಾಂಶ ರೇಖಾಂಶಗಳನ್ನು ಇವತ್ತಿನ ಡಬ್ಲ್ಯುಜಿಎಸ್ 84 ಎಂದು ಓದಿದರೆ ಕೆರೆ ನೂರಾರು ಅಡಿ ಸರಿದು ಕೂರುತ್ತದೆ. ಇದು ಸಮುದ್ರಕ್ಕೆ ಬೀಳುವುದಿಲ್ಲ. ಅದೇ ಊರಿನಲ್ಲಿ, ಪಕ್ಕದ ಹೊಲದಲ್ಲಿ, ನಂಬುವ ಹಾಗೆ ಕೂರುತ್ತದೆ. ಗುರುತಿಸುವ ಉಪಾಯ: ಒಂದೇ ಕೆರೆ ಸರಿದಿದ್ದರೆ ಗೆರೆ ಎಳೆದವರ ಕೈತಪ್ಪು, ಹಾಳೆಯಲ್ಲಿರುವ ಎಲ್ಲ ಏರಿಗಳೂ ಒಂದೇ ದಿಕ್ಕಿಗೆ ಒಂದೇ ಅಳತೆಯಷ್ಟು ಸರಿದಿದ್ದರೆ ಮಾದರಿಯ ತಪ್ಪು. ಏರಿಯನ್ನೇ ನೋಡಬೇಕು, ನೀರಿನ ಅಂಚನ್ನಲ್ಲ. ಏರಿ ವರ್ಷವರ್ಷ ಜಾಗ ಬದಲಿಸುವುದಿಲ್ಲ.

ಈ ಸಂಸ್ಥೆಯಲ್ಲಿ ಆಕೆಗೂ ಮುಂಚೆ ಇದ್ದವರೊಬ್ಬರು ಈ ಸರಿತವನ್ನು ಕಂಡು, ಕಾರಣ ಹುಡುಕದೆ, ಇಡೀ ಪದರವನ್ನು ಮೌಸಿನಿಂದ ಎಳೆದು ಉಪಗ್ರಹ ಚಿತ್ರಕ್ಕೆ ಹೊಂದಿಸಿಬಿಟ್ಟಿದ್ದರು. ಕಣ್ಣಿಗೆ ಸರಿಯಾಗಿಯೇ ಕೂತಿತ್ತು. ಅಪಾಯ ಇರುವುದು ಮುಂದೆ: ಯಾರಾದರೂ ಇದು ಟೋಪೋಶೀಟಿನಿಂದ ಬಂದದ್ದು ಎಂದು ತಿಳಿದು, ಶಾಸ್ತ್ರಬದ್ಧವಾಗಿ ಎವರೆಸ್ಟಿನಿಂದ ಬದಲಿಸಲು ಹೋದರೆ ಆಗಲೇ ಸರಿದದ್ದು ಎರಡನೆಯ ಸಲ ಸರಿಯುತ್ತದೆ. ಟಿಪ್ಪಣಿಯಲ್ಲಿ ಆ ಕಡತದ ಹೆಸರಿನ ಎದುರು ಹೀಗಿದೆ: “ಕೈಯಿಂದ ಸರಿಸಿದ್ದು. ಮತ್ತೆ ಬದಲಿಸಬೇಡಿ. ಸ್ಥಳದ ಅಂದಾಜಿಗೆ ಮಾತ್ರ.”

ಸ್ಕ್ರಿಪ್ಟುಗಳ ಭಾಗದಲ್ಲಿ ಮಾಮೂಲಿ ವಿಷಯಗಳು ಬೇಕಾದಷ್ಟಿವೆ. ಪ್ರೋಗ್ರಾಂ ಒಳಗೆ `D:\` ಎಂದು ಶುರುವಾಗುವ ದಾರಿ ಬರೆದಿರುವುದರಿಂದ ಬೇರೆ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಉಪಗ್ರಹ ಚಿತ್ರ ಇಳಿಸುವ ಖಾತೆ ಆಕೆಯ ಸ್ವಂತ ಇಮೇಲ್ ಹೆಸರಿನಲ್ಲಿದೆ, ಕಚೇರಿಯ ಹೆಸರಿನಲ್ಲಿ ಹೊಸದು ತೆರೆಯಬೇಕು. ಪ್ರತಿ ತಿಂಗಳು ತಾನಾಗಿ ಓಡುವ ಕೆಲಸ ಆಕೆಯ ಲಾಗಿನ್ ಅಡಿಯಲ್ಲಿದೆ, ಆ ಲಾಗಿನ್ ಮುಚ್ಚಿದ ದಿನ ಸದ್ದಿಲ್ಲದೆ ನಿಂತುಹೋಗುತ್ತದೆ. ಇವೆಲ್ಲ ಒಂದು ಮಧ್ಯಾಹ್ನದ ಕೆಲಸ. ನಾನು ಎರಡು ಸಲ ಓದಿದ್ದು 2022ರ ಜನವರಿಯ ಬಗ್ಗೆ ಬರೆದ ಅರ್ಧ ಪುಟವನ್ನು.

ಕೆರೆಯಲ್ಲಿ ನೀರಿದೆಯೇ ಎಂದು ಉಪಗ್ರಹದಿಂದ ತಿಳಿಯುವ ಉಪಾಯ ಸರಳವಾಗಿದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರದಲ್ಲಿ ಪ್ರತಿ ಹತ್ತು ಮೀಟರ್ ಚೌಕಕ್ಕೂ ಹಸಿರು ಬೆಳಕು ಎಷ್ಟು ಮರಳಿತು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಎಷ್ಟು ಮರಳಿತು ಎಂಬ ಅಂಕಿಗಳಿರುತ್ತವೆ. ನೀರು ಅವಕೆಂಪನ್ನು ನುಂಗುತ್ತದೆ, ಮಣ್ಣು ಮತ್ತು ಗಿಡ ಅದನ್ನು ಮರಳಿಸುತ್ತವೆ. ಆದ್ದರಿಂದ ಹಸಿರಿನಿಂದ ಅವಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ನೀರಿಗೆ ಹೆಚ್ಚಿನ ಅಂಕಿ, ನೆಲಕ್ಕೆ ಕಡಿಮೆ ಅಂಕಿ ಬರುತ್ತದೆ. ಇದನ್ನು ಎನ್‌ಡಿಡಬ್ಲ್ಯುಐ ಎನ್ನುತ್ತಾರೆ. ಕೋಲಾರದ ಕೆರೆಗಳಿಗೆ 0.2ಕ್ಕಿಂತ ಮೇಲಿದ್ದರೆ ನೀರು ಎಂದು ಆಕೆ ಗೆರೆ ಹಾಕಿಕೊಂಡಿದ್ದರು.

2021ರ ನವೆಂಬರಿನ ಮಳೆಗೆ ಕೋಲಾರದ ಕೆರೆಗಳು ತುಂಬಿ ಕೋಡಿ ಹರಿದದ್ದು ಅಲ್ಲಿಯವರಿಗೆಲ್ಲ ನೆನಪಿದೆ. ಆಕೆಯ ನಕ್ಷೆಯೂ ಹಾಗೇ ಹೇಳುತ್ತಿತ್ತು. ಆದರೆ 2022ರ ಫೆಬ್ರವರಿಯ ಲೆಕ್ಕದಲ್ಲಿ ಜಿಲ್ಲೆಯ ಕೆರೆಗಳ ನೀರಿನ ಹರವು ಧಡಕ್ಕನೆ ಕುಸಿದಿತ್ತು. ಬೇಸಿಗೆ ಇನ್ನೂ ಹತ್ತಿರ ಬಂದಿರಲಿಲ್ಲ. ಆಕೆಗೆ ಸಂಶಯ ಬಂದದ್ದು ಕುಸಿತದ ಪ್ರಮಾಣದಿಂದಲ್ಲ, ಅದು ಎಲ್ಲ ಕೆರೆಗಳಲ್ಲೂ ಒಂದೇ ಸಲಕ್ಕೆ ಆದದ್ದರಿಂದ. ದೊಡ್ಡ ಕೆರೆ ನಿಧಾನ ಇಳಿಯುತ್ತದೆ, ಸಣ್ಣ ಕುಂಟೆ ಬೇಗ ಬತ್ತುತ್ತದೆ, ತೂಬು ಎತ್ತಿದ ಕೆರೆ ಇನ್ನೂ ಬೇಗ. ಎಲ್ಲವೂ ಮಾತಾಡಿಕೊಂಡ ಹಾಗೆ ಒಟ್ಟಿಗೆ ಇಳಿದರೆ ಕಾರಣವನ್ನು ಕೆರೆಗಳಲ್ಲಿ ಹುಡುಕಿ ಪ್ರಯೋಜನವಿಲ್ಲ.

ನಡೆದದ್ದು ಇಷ್ಟು. 2022ರ ಜನವರಿ 25ರಿಂದ ಸೆಂಟಿನೆಲ್-2 ಚಿತ್ರಗಳನ್ನು ಸಿದ್ಧಪಡಿಸುವ ವಿಧಾನ ಬದಲಾಯಿತು. ತೀರಾ ಕಪ್ಪಾದ ಜಾಗಗಳಲ್ಲಿ ಅಂಕಿ ಸೊನ್ನೆಗಿಂತ ಕೆಳಗೆ ಹೋಗಿ ಕತ್ತರಿಸಿಹೋಗದಿರಲಿ ಎಂದು ಪ್ರತಿ ಅಂಕಿಗೂ 1000 ಸೇರಿಸಿ ಕೊಡಲು ಶುರುಮಾಡಿದರು. ಬಳಸುವವರು ಅದನ್ನು ಕಳೆದುಕೊಳ್ಳಬೇಕು. ಹಳೆಯ ಸ್ಕ್ರಿಪ್ಟಿಗೆ ಇದು ಹೇಗೆ ಗೊತ್ತಾಗಬೇಕು? ಲೆಕ್ಕ ಹಾಕಿ ನೋಡಿ. ನೀರಿನ ಒಂದು ಚೌಕದಲ್ಲಿ ಹಸಿರು 600, ಅವಕೆಂಪು 300 ಇತ್ತೆನ್ನಿ. ವ್ಯತ್ಯಾಸ 300, ಮೊತ್ತ 900, ಭಾಗಿಸಿದರೆ 0.33. ನೀರು. ಎರಡಕ್ಕೂ ಸಾವಿರ ಸೇರಿದರೆ 1600 ಮತ್ತು 1300. ವ್ಯತ್ಯಾಸ ಆಗಲೂ 300, ಆದರೆ ಮೊತ್ತ 2900. ಭಾಗಿಸಿದರೆ 0.10. ಗೆರೆ 0.2 ಆದ್ದರಿಂದ ಆ ಚೌಕ ನೀರಲ್ಲ ಎಂದಾಯಿತು. ಗೆರೆಯನ್ನು ಸೊನ್ನೆಗೆ ಇಟ್ಟುಕೊಂಡಿದ್ದವರಿಗೆ ಈ ಬದಲಾವಣೆ ತಟ್ಟಲೇ ಇಲ್ಲ. ಸಾವಿರ ಸೇರಿಸಿದರೂ ಧನ ಧನವೇ, ಋಣ ಋಣವೇ.

ಮೊದಲು ಹೊಳೆಯುವ ಪರಿಹಾರ, ಜನವರಿ 25ರ ನಂತರ ತೆಗೆದ ಚಿತ್ರವಾದರೆ ಸಾವಿರ ಕಳೆ ಎನ್ನುವುದು. ಅದು ಅರ್ಧ ಸರಿ. ಹಳೆಯ ವರ್ಷಗಳ ಚಿತ್ರಗಳನ್ನೂ ಆಮೇಲೆ ಹೊಸ ವಿಧಾನದಲ್ಲಿ ಮರುಸಿದ್ಧಪಡಿಸಿ ಕೊಟ್ಟಿದ್ದಾರೆ. 2019ರ ಚಿತ್ರವನ್ನು ಇವತ್ತು ಇಳಿಸಿಕೊಂಡರೆ ಅದರಲ್ಲೂ ಆ ಸಾವಿರ ಇರಬಹುದು. ಹಾಗಾಗಿ ತಾರೀಖನ್ನಲ್ಲ, ಚಿತ್ರದ ಹೆಸರಿನೊಳಗೆ `_N0400_` ಎಂಬಂತೆ ಬರುವ ಅಂಕಿಯನ್ನು ನೋಡಬೇಕು. ಅದು ಸಿದ್ಧಪಡಿಸಿದ ವಿಧಾನದ ಸಂಖ್ಯೆ. ಟಿಪ್ಪಣಿಯ ಸ್ಕ್ರಿಪ್ಟಿನಲ್ಲಿ ಹೀಗಿದೆ:

```python
vidhana = int(name.split("_")[3][1:])   # N0400 -> 400
kale = 1000 if vidhana >= 400 else 0
```

ಕೆಳಗೊಂದು ಎಚ್ಚರಿಕೆ: ಚಿತ್ರ ಒದಗಿಸುವ ಕೆಲವು ಜಾಲಗಳು ಸಾವಿರವನ್ನು ತಾವೇ ಕಳೆದು ಕೊಡುತ್ತವೆ. ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಹೆಸರಿನ ಕೊನೆಗೆ `HARMONIZED` ಎಂದಿರುವ ಸಂಗ್ರಹ ಅಂಥದ್ದು. ಅಲ್ಲಿಂದ ತಂದದ್ದರಿಂದ ಮತ್ತೆ ಕಳೆದರೆ ಎಡವಟ್ಟು ಇನ್ನೊಂದು ದಿಕ್ಕಿಗೆ.

ಕೊನೆಯ ಭಾಗ, ಗೊತ್ತಿರುವ ಹುಳುಕುಗಳು. ಇದರಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಒಂದು ಜಿಐಎಸ್ ಗೊತ್ತಿಲ್ಲದವರಿಗೂ, ಪಹಣಿ ಕಂಡ ಯಾರಿಗಾದರೂ ಅರ್ಥವಾಗುವಂಥದ್ದು. ಪಹಣಿಯಲ್ಲಿ ವಿಸ್ತೀರ್ಣ ಎಕರೆ ಗುಂಟೆಯಲ್ಲಿರುತ್ತದೆ, ನಡುವೆ ಚುಕ್ಕಿ. 12.35 ಎಂದರೆ ಹನ್ನೆರಡು ಎಕರೆ ಮೂವತ್ತೈದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ದಶಮಾಂಶದಲ್ಲಿ ಅದು 12.875 ಎಕರೆ. ಯಾರೋ ಎಕ್ಸೆಲ್‌ನಲ್ಲಿ ತುಂಬುವಾಗ ಚುಕ್ಕಿಯನ್ನು ದಶಮಾಂಶದ ಚುಕ್ಕಿ ಎಂದೇ ಬಗೆದು 12.35ನ್ನು ಹಾಗೇ ಚದರ ಮೀಟರಿಗೆ ಬದಲಿಸಿದ್ದರು. ಇಪ್ಪತ್ತೊಂದು ಗುಂಟೆ ಅಲ್ಲೇ ಮಾಯ. ನಕ್ಷೆಯಲ್ಲಿ ಅಳೆದರೆ ಕೆರೆ ದಾಖಲೆಗಿಂತ ದೊಡ್ಡದಾಗಿ ಕಾಣುತ್ತಿತ್ತು. ಕೆರೆ ಒತ್ತುವರಿಯಾಗಿ ಚಿಕ್ಕದಾಗುವುದನ್ನು ಕಂಡಿದ್ದೇವೆ, ತಾನಾಗಿ ಬೆಳೆದ ಕೆರೆಯನ್ನು ಯಾರೂ ಕಂಡಿಲ್ಲವಲ್ಲ!

ಇಂಥ ಕೋಷ್ಟಕ ಕೈಗೆ ಬಂದಾಗ ಅದು ಗುಂಟೆಯೋ ದಶಮಾಂಶವೋ ಎಂದು ತಿಳಿಯುವ ಉಪಾಯ ನನಗೆ ಬಹಳ ಹಿಡಿಸಿತು. ಚುಕ್ಕಿಯ ನಂತರದ ಅಂಕಿಗಳನ್ನಷ್ಟೇ ಒಂದು ಕಾಲಂ ಮಾಡಿ ವಿಂಗಡಿಸಿ ನೋಡಿ. ನೂರಾರು ಸರ್ವೆ ನಂಬರುಗಳಿದ್ದೂ 40ರಿಂದ 99ರವರೆಗಿನ ಒಂದೇ ಒಂದು ಅಂಕಿ ಇಲ್ಲದಿದ್ದರೆ ಅದು ಗುಂಟೆ. ನಿಜವಾದ ದಶಮಾಂಶವಾಗಿದ್ದರೆ ಅರ್ಧಕ್ಕಿಂತ ಹೆಚ್ಚು ಅಂಕಿಗಳು ಆ ಹರವಿನಲ್ಲಿರಬೇಕಿತ್ತು. ಎಲ್ಲೋ ಒಂದೆರಡು ಮಾತ್ರ ಇದ್ದರೆ ಇನ್ನೂ ಕೆಟ್ಟದ್ದು, ಎರಡೂ ಬಗೆ ಬೆರೆತಿವೆ ಎಂದರ್ಥ. ಆಗ ಒಂದೊಂದನ್ನೂ ಮೂಲ ಪಹಣಿ ಹಿಡಿದು ನೋಡದೆ ಗತಿಯಿಲ್ಲ.

ಪರಿಹಾರವಿಲ್ಲದ ಮೂಲೆಯೂ ಒಂದಿದೆ. ಎಕ್ಸೆಲ್‌ಗೆ 2.30 ಎಂದು ತುಂಬಿದರೆ ಅದು ಕೊನೆಯ ಸೊನ್ನೆಯನ್ನು ಬಿಟ್ಟು 2.3 ಎಂದು ಇಟ್ಟುಕೊಳ್ಳುತ್ತದೆ. ಎರಡು ಎಕರೆ ಮೂವತ್ತು ಗುಂಟೆಯೇ, ಅಥವಾ ಯಾರೋ ಸೊನ್ನೆ ಹಾಕದೆ 2.3 ಎಂದೇ ಬರೆದ ಎರಡು ಎಕರೆ ಮೂರು ಗುಂಟೆಯೇ? ಕೋಷ್ಟಕ ನೋಡಿ ಹೇಳಲಾಗದು. ಅಂಥ ಸಾಲುಗಳ ಎದುರೆಲ್ಲ ಆಕೆ ಒಂದು ಗುರುತು ಹಾಕಿ, ಹೊಸದಾಗಿ ತುಂಬುವಾಗ ಎಕರೆಗೊಂದು, ಗುಂಟೆಗೊಂದು ಬೇರೆ ಬೇರೆ ಕಾಲಂ ಇಡಿ ಎಂದಿದ್ದಾರೆ. ಮೊದಲಿನಿಂದ ಹಾಗೇ ಮಾಡಿದ್ದರೆ ಈ ಪುಟವೇ ಬೇಕಿರಲಿಲ್ಲ.

ಇನ್ನೊಂದು ಹುಳುಕು ಅಂಕಿಯದಲ್ಲ, `area` ಎಂಬ ಕಾಲಂನದು. ಕೆರೆಯ ವಿಸ್ತೀರ್ಣ ಎಂದರೆ ಯಾವುದು? ಸರ್ವೆ ನಂಬರಿನ ಗಡಿಯೊಳಗಿನದು ಒಂದು, ಕೋಡಿಯ ಮಟ್ಟಕ್ಕೆ ತುಂಬಿದಾಗ ನೀರು ನಿಲ್ಲುವಷ್ಟು ಜಾಗ ಇನ್ನೊಂದು, ಚಿತ್ರ ತೆಗೆದ ದಿನ ನೀರಿದ್ದಷ್ಟು ಮತ್ತೊಂದು. ಮೂರೂ ಒಂದಕ್ಕೊಂದು ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಕೋಲಾರದಲ್ಲಿ ಮೂರನೆಯದಕ್ಕೆ ಇನ್ನೊಂದು ಸೊಡರು ಸೇರಿದೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಆ ಸರಣಿಯಲ್ಲಿರುವ ಕೆರೆಯಲ್ಲಿ ನೀರು ಕಂಡರೆ ಮಳೆ ಆಗಿದೆ ಎಂದೇನೂ ಅಲ್ಲ; ಸರಣಿಯ ಹೊರಗಿನ ಕೆರೆಯಲ್ಲಿ ಕಂಡರೆ ಮಳೆಯದೇ. ಹಾಗಾಗಿ ಪ್ರತಿ ಕೆರೆಯ ಎದುರೂ ಅದು ಸರಣಿಯಲ್ಲಿದೆಯೋ ಇಲ್ಲವೋ ಎಂಬ ಕಾಲಂ ಬೇಕು. ಜಲಕಳೆ ಮುಚ್ಚಿದ ಕೆರೆಗಳದ್ದು ಇದರ ತಿರುವುಮುರುವು. ಕೆಳಗೆ ನೀರು ತುಂಬಿದ್ದರೂ ಮೇಲಿನ ಹಸಿರೆಲೆ ಅವಕೆಂಪನ್ನು ಮರಳಿಸುವುದರಿಂದ ಉಪಗ್ರಹ ಅದನ್ನು ಹೊಲ ಎಂದೇ ಓದುತ್ತದೆ. ಯಾವ ಸೂತ್ರ ತಿದ್ದಿದರೂ ಇದು ಸರಿಹೋಗುವುದಿಲ್ಲ, ಹೋಗಿ ನೋಡಿಕೊಂಡು ಬರಬೇಕು. ಹಾಗೆ ನೋಡಬೇಕಾದ ಕೆರೆಗಳ ಹೆಸರುಗಳನ್ನು ಬೇರೆಯಾಗಿ ಕೊಟ್ಟಿದ್ದಾರೆ.

ಹೊರಡುವ ಮುನ್ನ ಆಕೆ ಮಾಡಿದ ಇನ್ನೊಂದು ಕೆಲಸವನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೊಸ ಹುಡುಗನಿಗೆ ತಮ್ಮದಲ್ಲದ ಒಂದು ಕಂಪ್ಯೂಟರ್ ಕೊಟ್ಟು, ತಾವು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತು, ಟಿಪ್ಪಣಿಯನ್ನಷ್ಟೇ ನೋಡಿಕೊಂಡು ಒಂದು ಕೆರೆಯ ಒಂದು ತಿಂಗಳ ಲೆಕ್ಕವನ್ನು `01_raw`ನಿಂದ ಶುರುಮಾಡಿ ತೆಗೆಯಲು ಹೇಳಿದರು. `03_out`ನಲ್ಲಿರುವ ಹಳೆಯ ಉತ್ತರಕ್ಕೆ ಅದು ಹೊಂದಬೇಕು. ಮೊದಲ ಸಲ ಹೊಂದಲಿಲ್ಲ. ಅವನ ಉತ್ತರದಲ್ಲಿ ಕೆರೆ ಸ್ವಲ್ಪ ದೊಡ್ಡದಿತ್ತು. ಹುಡುಕಿದಾಗ ಗೊತ್ತಾದದ್ದು, ಹತ್ತಿರದ ಎರಡು ಕಲ್ಲುಕ್ವಾರಿ ಗುಂಡಿಗಳ ನೀರನ್ನು ಆಕೆ ಪ್ರತಿ ತಿಂಗಳೂ ಕೈಯಿಂದ ಅಳಿಸುತ್ತಿದ್ದರು. ರೂಢಿಯಾಗಿಬಿಟ್ಟಿತ್ತು, ಟಿಪ್ಪಣಿಯಲ್ಲಿ ಬರೆಯಲು ಹೊಳೆದೇ ಇರಲಿಲ್ಲ. ಆ ಎರಡು ಗುಂಡಿಗಳ ಸುತ್ತ ಗೆರೆ ಎಳೆದು `mask_quarry.gpkg` ಎಂಬ ಕಡತ ಮಾಡಿ, ಸ್ಕ್ರಿಪ್ಟಿನಲ್ಲಿ ಅದನ್ನು ಕಳೆಯುವ ಒಂದು ಸಾಲು ಸೇರಿಸಿದರು. ಎರಡನೆಯ ಸಲ ಲೆಕ್ಕ ಕೂಡಿಬಂತು.